ಮೂರರ ಎಡಕ್ಕೆ ಆಕಾಶ, ಬಲಕ್ಕೆ ಪಾತಾಳ

f(x) = (x − 5)/(x − 3) ಎಂಬ ಫಂಕ್ಷನ್‌ನಲ್ಲಿ x ಇದ್ದಲ್ಲಿ 3 ಹಾಕಿ ನೋಡಿ. ಅಂಶ −2, ಛೇದ ಸೊನ್ನೆ. ಸೊನ್ನೆಯಿಂದ ಭಾಗಿಸುವಂತಿಲ್ಲವಾದ್ದರಿಂದ 3ರಲ್ಲಿ ಈ ಫಂಕ್ಷನ್‌ಗೆ ಬೆಲೆಯೇ ಇಲ್ಲ. ಅನೇಕ ವಿದ್ಯಾರ್ಥಿಗಳು ಇಲ್ಲಿ ‘ಲಿಮಿಟ್ ಅನಂತ’ ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಾರೆ. ಆದರೆ ನಿಜವಾದ ಪ್ರಶ್ನೆ ಅಲ್ಲಿಂದಲೇ ಶುರು: ಧನ ಅನಂತವೋ, ಋಣ ಅನಂತವೋ?

3ರ ಮೇಲೆ ನಿಲ್ಲಲಾಗದಿದ್ದರೂ ಅದರ ಹತ್ತಿರ ಎಷ್ಟು ಬೇಕಾದರೂ ಹೋಗಬಹುದು. ಬಲಗಡೆಯಿಂದ ಬರೋಣ. x = 3.1 ಆದರೆ ಅಂಶ −1.9, ಛೇದ 0.1, ಬೆಲೆ −19. x = 3.01 ಆದಾಗ −199, 3.001ಕ್ಕೆ −1999. ಬೆಲೆ ತಳವಿಲ್ಲದೆ ಇಳಿಯುತ್ತಿದೆ. ಈಗ ಎಡಗಡೆಯಿಂದ: 2.9ಕ್ಕೆ ಅಂಶವೂ ಛೇದವೂ ಋಣ, ಹಾಗಾಗಿ ಬೆಲೆ 21. ಆಮೇಲೆ 201, 2001. ಗ್ರಾಫ್‌ನಲ್ಲಿ x = 3 ಎಂಬ ನೆಟ್ಟಗಿನ ಗೆರೆಯ ಪಕ್ಕದಲ್ಲಿ ಒಂದು ಕಡೆ ವಕ್ರರೇಖೆ ಮೇಲಕ್ಕೇರುತ್ತದೆ, ಇನ್ನೊಂದು ಕಡೆ ಕೆಳಕ್ಕೆ ಧುಮುಕುತ್ತದೆ. ಈ ಗೆರೆಯೇ ಲಂಬ ಅಸಿಂಪ್ಟೋಟ್. ಎರಡು ಕಡೆಯ ನಡೆ ಬೇರೆಯಾದ್ದರಿಂದ ಒಟ್ಟಾಗಿ ‘ಲಿಮಿಟ್ ಇಂತಿಷ್ಟು’ ಎನ್ನುವಂತಿಲ್ಲ. ಬಲದಿಂದ −∞, ಎಡದಿಂದ +∞ ಎಂದು ಬಿಡಿಬಿಡಿಯಾಗಿಯೇ ಹೇಳಬೇಕು.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಭಾಗಾಕಾರವೂ ಬೇಡ. ಛೇದ ಸೊನ್ನೆಯತ್ತ ಸಾಗಿ ಅಂಶ ಸೊನ್ನೆಯಲ್ಲದ ಸಂಖ್ಯೆಯ ಬಳಿ ನಿಂತರೆ, ಬೆಲೆಯ ಗಾತ್ರ ಮಿತಿಮೀರುವುದು ಖಂಡಿತ. ಉಳಿಯುವುದು ಚಿಹ್ನೆ ಮಾತ್ರ. 3ರ ಬಳಿ ಅಂಶ ಋಣ. ಛೇದ ಬಲಕ್ಕೆ ಧನ, ಎಡಕ್ಕೆ ಋಣ. ಅಷ್ಟು ಸಾಕು.

ಚಿಹ್ನೆ ನೋಡಲು ಆರಿಸುವ ಸಂಖ್ಯೆ ಮಾತ್ರ 3ಕ್ಕೆ ಅಂಟಿಕೊಂಡಿರಬೇಕು. ಲೆಕ್ಕ ಸುಲಭವೆಂದು ಯಾರಾದರೂ 6 ಆರಿಸಿಕೊಂಡರೆ ಬೆಲೆ 1/3, ಅಂದರೆ ಧನ. ಬಲದಿಂದ +∞ ಎಂಬ ತಪ್ಪು ಉತ್ತರ ಬರುತ್ತದೆ. ನಡುವೆ 5ರಲ್ಲಿ ಅಂಶ ಸೊನ್ನೆ ದಾಟಿ ಚಿಹ್ನೆ ಬದಲಿಸಿದ್ದೇ ಇದಕ್ಕೆ ಕಾರಣ. ಬಲಗಡೆ 3 ಮತ್ತು 5ರ ನಡುವಿನ ಸಂಖ್ಯೆ ಮಾತ್ರ ನಂಬಿಕೆಗೆ ಅರ್ಹ.

ಛೇದವನ್ನು (x − 3)² ಮಾಡಿದರೆ ಚಿತ್ರವೇ ಬೇರೆ. ವರ್ಗ ಎಂದೂ ಋಣವಾಗದು, ಆದ್ದರಿಂದ ಚಿಹ್ನೆಯನ್ನು ಅಂಶವೊಂದೇ ತೀರ್ಮಾನಿಸುತ್ತದೆ. 3.1ಕ್ಕೆ −190, 2.9ಕ್ಕೆ −210. ಎರಡೂ ಕಡೆ ಪಾತಾಳವೇ. ‘ವರ್ಗವಿದೆ, ಹಾಗಾಗಿ +∞’ ಎಂದು ಬರೆಯುವವರು ಮೇಲಿನ ಅಂಶವನ್ನು ಮರೆತಿರುತ್ತಾರೆ.

ಛೇದ ಸೊನ್ನೆಯಾದಲ್ಲೆಲ್ಲ ಅಸಿಂಪ್ಟೋಟ್ ಇರುತ್ತದೆ ಎಂದೂ ಇಲ್ಲ. (x² − 8x + 15)/(x − 3) ನೋಡಿ: 3 ಹಾಕಿದರೆ ಅಂಶವೂ ಸೊನ್ನೆ. ಅಪವರ್ತಿಸಿದರೆ ಮೇಲೆ (x − 3)(x − 5) ಸಿಗುತ್ತದೆ, x − 3 ಹೊಡೆದುಹೋಗಿ x − 5 ಉಳಿಯುತ್ತದೆ. ಎರಡೂ ಕಡೆಯಿಂದ ಲಿಮಿಟ್ −2. ಗ್ರಾಫ್ ಒಂದು ಸರಳರೇಖೆ, 3ರಲ್ಲಿ ಒಂದೇ ಒಂದು ಬಿಂದು ಖಾಲಿ.