ವಿಳಾಸದಲ್ಲಿ ಒಂದು ಅಂಕಿ ಬದಲಿಸಿದರೆ ಪರರ ದಾಖಲೆ

ಅಮೆರಿಕದಲ್ಲಿ ಸಾಲ ಮಾಡಿ ಮನೆ ಕೊಳ್ಳುವವರು ಸಾಮಾನ್ಯವಾಗಿ ಟೈಟಲ್ ವಿಮೆ ಮಾಡಿಸಬೇಕಾಗುತ್ತದೆ. ಆಸ್ತಿಯ ಒಡೆತನದಲ್ಲಿ ತಕರಾರಿಲ್ಲ ಎಂದು ಹಳೆಯ ದಾಖಲೆಗಳನ್ನು ಜಾಲಾಡಿ ನೋಡಿ, ಮುಂದೆ ತಕರಾರು ಎದ್ದರೆ ನಷ್ಟ ತುಂಬಿಕೊಡುವುದು ಈ ವಿಮಾ ಕಂಪನಿಗಳ ಕೆಲಸ. ಇಂಥ ದೊಡ್ಡ ಕಂಪನಿಗಳಲ್ಲೊಂದು ಕ್ಯಾಲಿಫೋರ್ನಿಯಾದ ಫಸ್ಟ್ ಅಮೆರಿಕನ್. 2019ರ ಮೇ 24ರಂದು ಭದ್ರತಾ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಈ ಕಂಪನಿಯ ಬಗ್ಗೆ ಬರೆದ ವರದಿ ಎಲ್ಲರನ್ನೂ ಬೆಚ್ಚಿಬೀಳಿಸಿತು. 2003ರಿಂದೀಚೆಗಿನ ಸುಮಾರು 88.5 ಕೋಟಿ ದಾಖಲೆಗಳನ್ನು ಯಾರು ಬೇಕಾದರೂ ಬ್ರೌಸರ್‌ನಲ್ಲಿ ತೆರೆದು ನೋಡಬಹುದಾಗಿತ್ತು. ಬ್ಯಾಂಕ್ ಖಾತೆ ಸಂಖ್ಯೆ, ಸಾಲದ ಪತ್ರ, ತೆರಿಗೆ ದಾಖಲೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಚಾಲನಾ ಪರವಾನಗಿಯ ಚಿತ್ರ ಎಲ್ಲವೂ ಅದರಲ್ಲಿದ್ದವು.

ಇದಕ್ಕೆ ಪಾಸ್‌ವರ್ಡ್ ಕದಿಯಬೇಕಿರಲಿಲ್ಲ, ವೈರಸ್ ಬಿಡಬೇಕಿರಲಿಲ್ಲ. ಮನೆ ವ್ಯವಹಾರದ ಕಾಗದಗಳನ್ನು ಕೊಳ್ಳುವವರಿಗೆ, ಮಾರುವವರಿಗೆ, ಏಜೆಂಟರಿಗೆ ಕಳಿಸಲು ಕಂಪನಿಯಲ್ಲಿ ಈಗಲ್‌ಪ್ರೊ ಎಂಬ ತಂತ್ರಾಂಶವಿತ್ತು. ಕಾಗದ ಬೇಕಾದವರಿಗೆ ಇಮೇಲ್‌ನಲ್ಲಿ ಒಂದು ಲಿಂಕ್ ಹೋಗುತ್ತಿತ್ತು, ಅದನ್ನು ಒತ್ತಿದರೆ ಲಾಗಿನ್ ಕೇಳದೆಯೇ ಕಾಗದ ತೆರೆದುಕೊಳ್ಳುತ್ತಿತ್ತು. ಲಿಂಕ್‌ನ ವಿಳಾಸದಲ್ಲಿ `ImageDocumentID` ಎಂಬ ಸಂಖ್ಯೆಯಿತ್ತು. ಕಂಪನಿಯ ಭಂಡಾರದಲ್ಲಿರುವ ದಾಖಲೆಗಳಿಗೆ ಈ ಸಂಖ್ಯೆಯನ್ನು ಒಂದಾದ ಮೇಲೊಂದರಂತೆ ಸಾಲಾಗಿ ಕೊಡಲಾಗಿತ್ತು. ವಿಳಾಸದಲ್ಲಿ ಒಂದಂಕಿ ಹೆಚ್ಚೋ ಕಡಿಮೆಯೋ ಮಾಡಿ ಎಂಟರ್ ಒತ್ತಿದರೆ ಸಾಕು, ಇನ್ಯಾರದೋ ಮನೆಯ ಕಾಗದ ಬಂದು ನಿಲ್ಲುತ್ತಿತ್ತು.

ತಂತ್ರಜ್ಞರು ಈ ಲೋಪವನ್ನು ಐಡಿಒಆರ್ ಅಥವಾ ಬೋಲಾ ಎಂಬ ಸಂಕ್ಷಿಪ್ತ ಹೆಸರಿನಿಂದ ಕರೆಯುತ್ತಾರೆ. ವೆಬ್ ಭದ್ರತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆ ಎಪಿಐಗಳ, ಅಂದರೆ ಆ್ಯಪ್‌ಗಳು ಸರ್ವರ್ ಜೊತೆ ಮಾತಾಡುವ ದಾರಿಗಳ, ಹತ್ತು ದೊಡ್ಡ ಅಪಾಯಗಳ ಪಟ್ಟಿಯನ್ನು 2019ರಲ್ಲಿ ಮೊದಲ ಬಾರಿಗೆ ಮಾಡಿದಾಗ ಇದಕ್ಕೆ ಮೊದಲ ಸ್ಥಾನ ಕೊಟ್ಟಿತು. 2023ರಲ್ಲಿ ಪಟ್ಟಿ ಪರಿಷ್ಕರಣೆಯಾದಾಗಲೂ ಮೊದಲ ಸ್ಥಾನ ಇದಕ್ಕೇ.

ಲೋಪದ ತಿರುಳು ಎರಡು ಪ್ರಶ್ನೆಗಳಲ್ಲಿದೆ. ನೀವು ಯಾರು ಎಂಬುದು ಒಂದು, ಈ ದಾಖಲೆ ನೋಡಲು ನಿಮಗೆ ಹಕ್ಕಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಪಡೆಯುವುದು ಲಾಗಿನ್ ಮತ್ತು ಒಟಿಪಿ. ಎರಡನೆಯದನ್ನು ಅನೇಕ ತಂತ್ರಾಂಶಗಳು ಕೇಳುವುದೇ ಇಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಬಾಗಿಲ ಬಳಿ ಗುರುತಿನ ಚೀಟಿ ನೋಡಿ ಒಳಗೆ ಬಿಟ್ಟು, ಆಮೇಲೆ ಯಾವ ಫೈಲ್ ನಂಬರ್ ಹೇಳಿದರೂ ಗುಮಾಸ್ತ ತೆಗೆದು ಕೊಟ್ಟುಬಿಟ್ಟರೆ ಹೇಗಿರುತ್ತದೋ ಹಾಗೆ. ಫಸ್ಟ್ ಅಮೆರಿಕನ್ನಿನಲ್ಲಿ ಎರಡೂ ಪ್ರಶ್ನೆಗಳಿರಲಿಲ್ಲ. ಆದರೆ ಹೆಚ್ಚಿನ ಪ್ರಕರಣಗಳಲ್ಲಿ ಲಾಗಿನ್ ಗಟ್ಟಿಯಾಗಿಯೇ ಇರುತ್ತದೆ, ಎರಡನೆಯ ಪ್ರಶ್ನೆ ಮಾತ್ರ ಬಿಟ್ಟುಹೋಗಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ರಕ್ತಪರೀಕ್ಷೆಯ ಲ್ಯಾಬ್ ಒಂದು ವರದಿಗಳನ್ನು ವೆಬ್‌ಸೈಟಿನಲ್ಲಿ ಕೊಡುತ್ತದೆ ಎಂದುಕೊಳ್ಳಿ. ಸವಿತಾ ಲಾಗಿನ್ ಆಗಿ ತಮ್ಮ ವರದಿ ತೆರೆದಾಗ ವಿಳಾಸದ ಕೊನೆಯಲ್ಲಿ `/reports/5001` ಎಂದು ಕಾಣುತ್ತದೆ. ಆಗ ಸರ್ವರ್ ತನ್ನ ದತ್ತಾಂಶ ಕೋಶಕ್ಕೆ ಕೇಳುವುದು ಇಷ್ಟು:

```
SELECT * FROM reports
WHERE id = 5001;
```

ಐದು ಸಾವಿರದ ಒಂದನೆಯ ವರದಿ ಕೊಡು ಎನ್ನುವ ಈ ಸಾಲಿನಲ್ಲಿ ಸವಿತಾ ಎಲ್ಲೂ ಇಲ್ಲ. ಆಕೆ 5002 ಎಂದು ಬದಲಿಸಿದರೆ ಮುಂದಿನ ರೋಗಿಯ ವರದಿ ಬರುತ್ತದೆ. ತಿದ್ದುಪಡಿ ಒಂದೇ ಸಾಲಿನದು:

```
SELECT * FROM reports
WHERE id = 5002
  AND patient_id = :session_user;
```

ಈಗ ಸರ್ವರ್ ಕೇಳುತ್ತಿರುವುದು ಈ ಸಂಖ್ಯೆಯ ವರದಿ, ಅದೂ ಲಾಗಿನ್ ಆಗಿರುವ ವ್ಯಕ್ತಿಯದಾಗಿದ್ದರೆ ಮಾತ್ರ. ಆಕೆಯದಲ್ಲದಿದ್ದರೆ ಉತ್ತರ ಖಾಲಿ ಬರುತ್ತದೆ, ತೆರೆಯ ಮೇಲೆ ಅಂಥ ವರದಿಯಿಲ್ಲ ಎಂದಷ್ಟೇ ಕಾಣುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. `session_user` ಎಂಬ ಗುರುತು ಸರ್ವರ್ ತಾನೇ ಲಾಗಿನ್ ವೇಳೆ ದಾಖಲಿಸಿಕೊಂಡದ್ದಾಗಿರಬೇಕು. ಬ್ರೌಸರ್ ಕಳಿಸಿದ ಕೋರಿಕೆಯೊಳಗಿನ ಬಳಕೆದಾರ ಸಂಖ್ಯೆಯನ್ನೇ ನಂಬಿ ಅಲ್ಲಿ ತುಂಬಿದರೆ ಪ್ರಯೋಜನವಿಲ್ಲ. ವರದಿಯ ಸಂಖ್ಯೆ ಬದಲಿಸಬಲ್ಲವರು ಆ ಸಂಖ್ಯೆಯನ್ನೂ ಬದಲಿಸಬಲ್ಲರು.

ಇಷ್ಟು ಸುಲಭದ ತಿದ್ದುಪಡಿ ಇದ್ದರೂ ತಪ್ಪು ಮರುಕಳಿಸುವುದಕ್ಕೆ ಕಾರಣವಿದೆ. ತಂತ್ರಾಂಶ ಬರೆಯುವವರು ಮೊದಲು ಪಟ್ಟಿಯ ಪುಟ ಮಾಡುತ್ತಾರೆ. ಸವಿತಾಗೆ ಅವರ ವರದಿಗಳಷ್ಟೇ ಕಾಣುತ್ತವೆ. ಪಟ್ಟಿಯಲ್ಲಿ ಕಾಣದ್ದನ್ನು ಯಾರೂ ಒತ್ತಲಾರರು ಎಂಬ ಭಾವನೆ ಅಲ್ಲೇ ಗಟ್ಟಿಯಾಗುತ್ತದೆ. ಆದರೆ ಬ್ರೌಸರ್ ಬಳಕೆದಾರರ ಕೈಯಲ್ಲಿದೆ, ಅಲ್ಲಿಂದ ಯಾವ ಕೋರಿಕೆಯನ್ನಾದರೂ ಕಳಿಸಬಹುದು. ಮೊಬೈಲ್ ಆ್ಯಪ್‌ನಲ್ಲಿ ವಿಳಾಸದ ಪಟ್ಟಿಯೇ ಕಾಣುವುದಿಲ್ಲವಲ್ಲ ಎಂದು ನೆಮ್ಮದಿಯಾಗಿರುವಂತಿಲ್ಲ. ಆ್ಯಪ್ ಮತ್ತು ಸರ್ವರ್ ನಡುವಿನ ಮಾತನ್ನು ತೋರಿಸುವ, ತಿದ್ದುವ ಉಪಕರಣಗಳು ಯಾರಿಗೂ ಸಿಗುತ್ತವೆ.

ಇನ್ನೊಂದು ಕಾರಣ, ಒಂದೇ ದಾಖಲೆಗೆ ದಾರಿಗಳು ಹಲವು. ವರದಿ ನೋಡುವ ಪುಟದಲ್ಲಿ ಪರಿಶೀಲನೆ ಇರುತ್ತದೆ, ಅದನ್ನೇ ಪಿಡಿಎಫ್ ಆಗಿ ಇಳಿಸಿಕೊಳ್ಳುವ ಕೊಂಡಿಯಲ್ಲಿ ಮರೆತುಹೋಗಿರುತ್ತದೆ. ಅದೂ ಸರಿಯಿದ್ದರೆ ಫೋನ್ ನಂಬರ್ ತಿದ್ದುವ ಅಥವಾ ಅಪಾಯಿಂಟ್‌ಮೆಂಟ್ ರದ್ದುಮಾಡುವ ಕಡೆ ಬಿಟ್ಟುಹೋಗಿರುತ್ತದೆ. ಅಲ್ಲಿ ಇನ್ನೊಬ್ಬರ ದಾಖಲೆ ನೋಡುವುದಷ್ಟೇ ಅಲ್ಲ, ಬದಲಿಸುವುದೂ ಸಾಧ್ಯವಾಗುತ್ತದೆ. ಹಾಗಾಗಿ ಹಕ್ಕಿನ ಪರಿಶೀಲನೆಯನ್ನು ಪುಟಪುಟದಲ್ಲಿ ಬರೆಯುತ್ತ ಹೋಗುವುದಕ್ಕಿಂತ ಒಂದೇ ಜಾಗದಲ್ಲಿ ಬರೆದು, ದಾಖಲೆ ಹೊರಬರುವ ಪ್ರತಿ ದಾರಿಯೂ ಅದನ್ನು ಹಾದುಹೋಗುವಂತೆ ಮಾಡಬೇಕು. ಮಗುವಿನ ವರದಿಯನ್ನು ತಾಯಿ ನೋಡಬೇಕು, ಚಿಕಿತ್ಸೆ ಕೊಡುತ್ತಿರುವ ವೈದ್ಯರು ನೋಡಬೇಕು, ಬೇರೆ ಶಾಖೆಯ ವೈದ್ಯರು ನೋಡಬಾರದು ಎಂಬಂಥ ನಿಯಮಗಳು ಸೇರಿಕೊಂಡಾಗ ಹೀಗೆ ಒಂದೆಡೆ ಇಟ್ಟಿದ್ದರಷ್ಟೇ ಹಿಡಿತ ಉಳಿಯುತ್ತದೆ.

ಸಾಲು ಸಂಖ್ಯೆಯ ಬದಲು ಊಹಿಸಲಾಗದ ಉದ್ದನೆಯ ಗುರುತು ಇಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದರಿಂದ ಉಪಯೋಗವಿದೆ. ಒಂದಾದ ಮೇಲೊಂದು ಸಂಖ್ಯೆ ಕೊಟ್ಟು ಇಡೀ ಭಂಡಾರ ಬಾಚಿಕೊಳ್ಳುವುದು ಆಗ ಅಸಾಧ್ಯವಾಗುತ್ತದೆ. ಆದರೆ ಆ ಗುರುತು ಗುಟ್ಟಾಗಿ ಉಳಿಯುವುದಿಲ್ಲ. ಅದು ಬ್ರೌಸರ್‌ನ ಇತಿಹಾಸದಲ್ಲಿ, ಸರ್ವರ್‌ನ ಲಾಗ್‌ಗಳಲ್ಲಿ, ಫಾರ್ವರ್ಡ್ ಆದ ಮೆಸೇಜ್‌ಗಳಲ್ಲಿ ಉಳಿಯುತ್ತದೆ, ಕೆಲವೊಮ್ಮೆ ಅದೇ ತಂತ್ರಾಂಶದ ಬೇರೊಂದು ಪುಟವೇ ಅದನ್ನು ತೋರಿಸಿಬಿಡುತ್ತದೆ. ಆದ್ದರಿಂದ ಅದು ಹಕ್ಕಿನ ಪರಿಶೀಲನೆಗೆ ಬೆಂಬಲವಾಗಬಹುದು, ಅದರ ಜಾಗ ತುಂಬಲಾರದು. ಈಗಲ್‌ಪ್ರೊ ಮಾದರಿಯಲ್ಲಿ ಲಿಂಕ್ ಕಳಿಸಲೇಬೇಕಾದ ಕಡೆ ಆ ಲಿಂಕ್ ಒಂದೇ ದಾಖಲೆಗೆ ಸೀಮಿತವಾಗಿರಬೇಕು, ಕೆಲವು ದಿನಗಳಲ್ಲಿ ತಾನೇ ಮುಗಿಯಬೇಕು, ತೆರೆಯುವ ಮುನ್ನ ಪಡೆದವರ ಇಮೇಲ್‌ಗೋ ಫೋನಿಗೋ ಒಟಿಪಿ ಹೋಗಬೇಕು.

ಲೋಪ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ತಂತ್ರಾಂಶಗಳನ್ನು ತಾನಾಗಿ ಜಾಲಾಡುವ ಸ್ಕ್ಯಾನರ್‌ಗಳು ಇದನ್ನು ಹೆಚ್ಚಾಗಿ ಹಿಡಿಯುವುದಿಲ್ಲ. ಕೋರಿಕೆ ಸರಿಯಾದ ರೂಪದಲ್ಲೇ ಇರುತ್ತದೆ, ಸರ್ವರ್ ಕೊಡುವ ಉತ್ತರವೂ ಸರಿಯಾದದ್ದೇ, ತಲುಪಿದ ವ್ಯಕ್ತಿ ಮಾತ್ರ ತಪ್ಪು. ಯಾವ ವರದಿ ಯಾರದು ಎಂಬುದು ಸ್ಕ್ಯಾನರ್‌ಗೆ ತಿಳಿಯದು. ನಂಬಬಹುದಾದ ವಿಧಾನ ಎರಡು ಖಾತೆಗಳ ಪರೀಕ್ಷೆ. ತಂಡದವರೇ 'ಎ' ಮತ್ತು 'ಬಿ' ಎಂಬ ಎರಡು ಖಾತೆ ತೆರೆದು ಎರಡರಲ್ಲೂ ದಾಖಲೆ ಇಡುತ್ತಾರೆ. 'ಎ' ಖಾತೆಯಲ್ಲಿದ್ದುಕೊಂಡು 'ಬಿ'ಯ ದಾಖಲೆಯನ್ನು ನೋಡಲು, ಇಳಿಸಿಕೊಳ್ಳಲು, ತಿದ್ದಲು, ಅಳಿಸಲು ಕೇಳುತ್ತಾರೆ. ಲಾಗಿನ್ ಇಲ್ಲದೆಯೂ ಅದನ್ನೇ ಕೇಳುತ್ತಾರೆ. ಪ್ರತಿ ಬಾರಿಯೂ ನಿರಾಕರಣೆ ಬರಬೇಕು. ಈ ಪರೀಕ್ಷೆಯನ್ನು ಒಮ್ಮೆ ಬರೆದಿಟ್ಟರೆ ತಂತ್ರಾಂಶ ಬದಲಾದಾಗಲೆಲ್ಲ ತಾನಾಗಿ ನಡೆಸಬಹುದು. ಜೊತೆಗೆ ಒಂದೇ ಖಾತೆಯಿಂದ ಅಲ್ಪ ಹೊತ್ತಿನಲ್ಲಿ ನೂರಾರು ಬೇರೆ ಬೇರೆ ಸಂಖ್ಯೆಗಳ ಕೋರಿಕೆ ಬಂದರೆ, ಅಥವಾ ನಿರಾಕರಣೆಗಳು ಸಾಲುಗಟ್ಟಿದರೆ, ಯಾರೋ ಅಂಕಿ ಬದಲಿಸಿ ನೋಡುತ್ತಿದ್ದಾರೆ ಎಂದೇ ತಿಳಿಯಬೇಕು.

ಫಸ್ಟ್ ಅಮೆರಿಕನ್ ಪ್ರಕರಣದಲ್ಲಿ ಅತ್ಯಂತ ಬೇಸರದ ಸಂಗತಿ ಹೊರಬಂದದ್ದು ಆಮೇಲೆ. ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವೆಗಳ ಇಲಾಖೆಯ ತನಿಖೆಯಂತೆ, ಈ ಲೋಪ 2014ರ ಒಂದು ಅಪ್‌ಡೇಟ್‌ನಿಂದಲೇ ಇತ್ತು. 2018ರ ಡಿಸೆಂಬರ್‌ನಲ್ಲಿ ಕಂಪನಿಯ ಸ್ವಂತ ಪರೀಕ್ಷಾ ತಂಡವೇ ಇದನ್ನು ಪತ್ತೆಮಾಡಿತ್ತು. ಆದರೆ ಗಂಭೀರತೆಯನ್ನು ತಪ್ಪಾಗಿ ಕಡಿಮೆಯೆಂದು ದಾಖಲಿಸಿಕೊಳ್ಳಲಾಯಿತು. ಬಯಲಾಗಿದ್ದ ಕೋಟ್ಯಂತರ ದಾಖಲೆಗಳಲ್ಲಿ ಹತ್ತನ್ನಷ್ಟೇ ತೆರೆದು ನೋಡಲಾಯಿತು. ಪತ್ರಕರ್ತರ ಕರೆ ಬರುವವರೆಗೆ ಬಾಗಿಲು ತೆರೆದೇ ಇತ್ತು. ಹಿರಿಯ ಅಧಿಕಾರಿಗಳು ಪತ್ರಿಕಾ ಹೇಳಿಕೆ ಕೊಟ್ಟಾಗಲೂ, ತಿಂಗಳುಗಳ ಹಿಂದೆಯೇ ಇದು ಕಂಪನಿಯೊಳಗೆ ಗೊತ್ತಿತ್ತೆಂಬುದು ಅವರಿಗೇ ತಿಳಿದಿರಲಿಲ್ಲ. ಈ ಕಾರಣಕ್ಕೆ ಅಮೆರಿಕದ ಷೇರುಪೇಟೆ ನಿಯಂತ್ರಕರು 2021ರಲ್ಲಿ ಸುಮಾರು 4.87 ಲಕ್ಷ ಡಾಲರ್ ದಂಡ ಹಾಕಿದರು. ನ್ಯೂಯಾರ್ಕ್ ಇಲಾಖೆಯ ಜೊತೆಗಿನ ಪ್ರಕರಣ 2023ರಲ್ಲಿ 10 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ಲೋಪ ಪತ್ತೆಮಾಡಿದರೆ ಸಾಲದು. ಅದರಿಂದ ಎಷ್ಟು ಜನರ ಏನೇನು ಬಯಲಾಗಿದೆ ಎಂದು ಅಳೆದು, ತಕ್ಷಣ ಮುಚ್ಚಿ, ಮೇಲಿನವರಿಗೆ ಹೇಳುವ ಹೊಣೆ ಯಾರದೆಂಬುದು ಮೊದಲೇ ನಿಗದಿಯಾಗಿರಬೇಕು.

ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಗೆ ಸೂಕ್ತ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅಂಕಿ ಬದಲಿಸಿ ನೋಡುವವರಿಗೂ ಕಾನೂನು ಅನ್ವಯಿಸುತ್ತದೆ. ಅನುಮತಿಯಿಲ್ಲದೆ ಇನ್ನೊಬ್ಬರ ಮಾಹಿತಿ ತೆಗೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಕೆಟ್ಟ ಉದ್ದೇಶವಿದ್ದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸವಾಗಬಹುದು.

ಹಾಗಾಗಿ ಯಾವುದೋ ಸೈಟಿನಲ್ಲಿ ಅಚಾನಕ್ಕಾಗಿ ಇನ್ನೊಬ್ಬರ ಬಿಲ್ಲೋ ವರದಿಯೋ ನಿಮ್ಮ ಮುಂದೆ ತೆರೆದುಕೊಂಡರೆ ಅಲ್ಲಿಗೇ ನಿಲ್ಲಿಸಿ. ಮತ್ತಷ್ಟು ಸಂಖ್ಯೆ ಹಾಕಿ ನೋಡಬೇಡಿ, ಇಳಿಸಿಕೊಳ್ಳಬೇಡಿ, ಗುಂಪುಗಳಲ್ಲಿ ಹಂಚಬೇಡಿ. ಯಾವ ಪುಟದಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುವಾಗ ಹಾಗಾಯಿತು ಎಂದು ಬರೆದುಕೊಂಡು ಆ ಸಂಸ್ಥೆಗೆ ತಿಳಿಸಿ. ಸ್ಪಂದನೆ ಸಿಗದಿದ್ದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಿ. ಇನ್ನು ನೀವೇ ತಂತ್ರಾಂಶ ಬರೆಯುವವರಾದರೆ, ನೀವು ಮಾಡಿರುವ ವೆಬ್‌ಸೈಟಿನಲ್ಲಿ ಇಂದೇ ಎರಡು ಖಾತೆ ತೆರೆದು ಒಂದರಿಂದ ಇನ್ನೊಂದರ ದಾಖಲೆ ಕೇಳಿ ನೋಡಿ. ಬಂದರೆ, ಬೇರೆಲ್ಲ ಕೆಲಸ ಬದಿಗಿಟ್ಟು ಅದನ್ನು ಸರಿಪಡಿಸಿ.