ಮೊದಲೇ ಕೇಳಿದ ಪ್ರಶ್ನೆ, ಆಮೇಲೆ ಕಂಡ ಉತ್ತರ

ಬಿಪಿಗೆಂದು ದಿನಕ್ಕೊಂದು ಅಮ್ಲೋಡಿಪಿನ್ ಮಾತ್ರೆ ನುಂಗುವವರು ನಮ್ಮಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಹೃದಯದ ಬಲ ತೀರಾ ಕುಗ್ಗಿದ ರೋಗಿಗಳಿಗೆ ಈ ಮಾತ್ರೆಯನ್ನು ಕೊಡಬಹುದೇ ಎಂಬ ಪ್ರಶ್ನೆ 1990ರ ದಶಕದಲ್ಲಿ ವೈದ್ಯರನ್ನು ಕಾಡುತ್ತಿತ್ತು. ಇದೇ ಗುಂಪಿನ ಬೇರೆ ಕೆಲವು ಔಷಧಿಗಳು ಅಂಥವರಿಗೆ ಕೆಡುಕು ಮಾಡಿದ್ದವು. ಉತ್ತರ ಹುಡುಕಲು ಅಮೆರಿಕದಲ್ಲಿ ಮಿಲ್ಟನ್ ಪ್ಯಾಕರ್ ಮತ್ತು ಸಂಗಡಿಗರು ‘ಪ್ರೇಸ್’ ಎಂಬ ಪ್ರಯೋಗ ನಡೆಸಿದರು. 1,153 ರೋಗಿಗಳಲ್ಲಿ ಕೆಲವರಿಗೆ ಅಮ್ಲೋಡಿಪಿನ್, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಯಿತು. ವರದಿ 1996ರಲ್ಲಿ ಪ್ರಕಟವಾಯಿತು.

ಪ್ರಯೋಗಕ್ಕೆ ಮೊದಲೇ ಬರೆದಿಟ್ಟುಕೊಂಡ ಮುಖ್ಯ ಪ್ರಶ್ನೆ ಒಂದೇ ಆಗಿತ್ತು: ಸಾವು ಅಥವಾ ಹೃದಯದ ಗಂಭೀರ ತೊಂದರೆಯಿಂದ ಆಸ್ಪತ್ರೆ ಸೇರುವುದು, ಈ ಎರಡನ್ನೂ ಒಟ್ಟಿಗೆ ಎಣಿಸಿದರೆ ಯಾವ ಗುಂಪಿನಲ್ಲಿ ಹೆಚ್ಚು? ಹುಸಿ ಮಾತ್ರೆಯವರಲ್ಲಿ ನೂರಕ್ಕೆ 42, ಅಮ್ಲೋಡಿಪಿನ್‌ನವರಲ್ಲಿ ನೂರಕ್ಕೆ 39. ಔಷಧಿಯಿಂದ ಏನೂ ಆಗದಿದ್ದರೂ ಇಷ್ಟು ಅಂತರ ಬರೀ ಆಕಸ್ಮಿಕವಾಗಿ ಕಾಣಬಹುದಾದದ್ದೇ. ಕೆಡುಕಿಲ್ಲ, ಆದರೆ ಲಾಭವೂ ಸಾಬೀತಾಗಲಿಲ್ಲ.

ಆದರೆ ರೋಗಿಗಳನ್ನು ಎರಡು ಪಾಲು ಮಾಡಿ ನೋಡಿದಾಗ ಕಥೆ ಬೇರೆಯಾಯಿತು. ರಕ್ತನಾಳ ಕಟ್ಟಿಕೊಂಡು ಹೃದಯ ಸೋತವರಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಬೇರೆ ಕಾರಣಕ್ಕೆ ಸೋತವರಲ್ಲಿ ಮಾತ್ರ ಅಮ್ಲೋಡಿಪಿನ್ ಸಾವಿನ ಅಪಾಯವನ್ನು ಶೇ. 46ರಷ್ಟು ತಗ್ಗಿಸಿದಂತೆ ಕಂಡಿತು. ಲೆಕ್ಕದ ಪ್ರಕಾರ ಇದು ಆಕಸ್ಮಿಕವಾಗಿ ಕಾಣುವ ಸಂಭವ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಅಮ್ಲೋಡಿಪಿನ್ ಎದೆನೋವಿಗೂ ಕೊಡುವ ಔಷಧಿ. ಹಾಗಾಗಿ ಲಾಭ ಆಗುವುದಿದ್ದರೆ ರಕ್ತನಾಳ ಕಟ್ಟಿಕೊಂಡವರಿಗೆ ಆಗಬೇಕು ಎಂದು ಯಾರಿಗಾದರೂ ತೋರೀತು, ಆದದ್ದು ತಿರುಗುಮುರುಗು.

ಇಂಥ ಹೊತ್ತಿನಲ್ಲಿಯೇ ವರದಿಯ ಫಲಿತಾಂಶ ಭಾಗ ಬರೆಯುವವರ ಪರೀಕ್ಷೆ. ಮುಖ್ಯ ಪ್ರಶ್ನೆಗೆ ಸಪ್ಪೆ ಉತ್ತರ ಬಂದಿದೆ, ಪಕ್ಕದಲ್ಲಿ ಕಣ್ಣು ಕುಕ್ಕುವ ಅಂಕಿ ಇದೆ. ‘ಈ ಬಗೆಯ ಹೃದ್ರೋಗಿಗಳಲ್ಲಿ ಅಮ್ಲೋಡಿಪಿನ್ ಸಾವನ್ನು ಅರ್ಧದಷ್ಟು ತಗ್ಗಿಸುತ್ತದೆ’ ಎಂದು ಬರೆದಿದ್ದರೆ ಒಂದು ಅಂಕಿಯನ್ನೂ ತಿದ್ದಬೇಕಿರಲಿಲ್ಲ. ಓದುಗ ಮಾತ್ರ ಮೋಸಹೋಗುತ್ತಿದ್ದ. ‘ಸಾವಿರಕ್ಕೆ ಒಂದಕ್ಕಿಂತ ಕಡಿಮೆ’ ಎಂಬ ಲೆಕ್ಕ ನಿಲ್ಲುವುದು, ಆ ಒಂದೇ ಪ್ರಶ್ನೆಯನ್ನು ಮೊದಲೇ ಗುರುತು ಹಾಕಿಕೊಂಡು ಕೇಳಿದ್ದರೆ ಮಾತ್ರ. ಏನೂ ಪರಿಣಾಮವಿಲ್ಲದ ಔಷಧಿಯ ದತ್ತಾಂಶವನ್ನೇ ಇಪ್ಪತ್ತು ಸ್ವತಂತ್ರ ಪ್ರಶ್ನೆಗಳಿಂದ ಕೆದಕಿ ನೋಡಿ. ನೂರಕ್ಕೆ ಐದರ ಗೆರೆಯನ್ನು ಅವುಗಳಲ್ಲಿ ಒಂದಾದರೂ ಬರೀ ಆಕಸ್ಮಿಕವಾಗಿ ದಾಟುವ ಸಂಭವ ಶೇ. 64. ದಾಟಿದ್ದನ್ನು ಮಾತ್ರ ಅಚ್ಚು ಹಾಕಿ ಉಳಿದ ಹತ್ತೊಂಬತ್ತನ್ನು ಬಿಟ್ಟರೆ, ಓದುವವನಿಗೆ ಅದು ಗುರಿಯಿಟ್ಟು ಹೊಡೆದಂತೆಯೇ ಕಾಣುತ್ತದೆ.

ಪ್ಯಾಕರ್ ತಂಡ ಹಾಗೆ ಮಾಡಲಿಲ್ಲ. ಮುಖ್ಯ ಪ್ರಶ್ನೆಯ ಸಪ್ಪೆ ಉತ್ತರವನ್ನೇ ಮೊದಲು ಹೇಳಿದರು. ಇನ್ನೊಂದು ಪಾಲಿನಲ್ಲಿ ಕಂಡ ಲಾಭವನ್ನು ಮುಚ್ಚಿಡಲಿಲ್ಲ, ಆದರೆ ಅದನ್ನು ಮುಂದೆ ಪರೀಕ್ಷಿಸಬೇಕಾದ ಸಾಧ್ಯತೆ ಎಂದಷ್ಟೇ ಕರೆದರು. ಗಮನಿಸಬೇಕು, ರೋಗಿಗಳನ್ನು ಹೀಗೆ ಎರಡು ಪಾಲು ಮಾಡುವುದು ಯೋಜನೆಯಲ್ಲೇ ಇತ್ತು. ಆದರೂ ಪ್ರಯೋಗದ ತೀರ್ಪು ನಿಂತಿದ್ದದ್ದು ಆ ಪಾಲಿನ ಸಾವಿನ ಎಣಿಕೆಯ ಮೇಲಲ್ಲ. ‘ಮೊದಲೇ ಯೋಚಿಸಿದ್ದೆವು’ ಎಂಬುದೂ ‘ಇದನ್ನೇ ಪರೀಕ್ಷೆಗೊಡ್ಡಿದ್ದೆವು’ ಎಂಬುದೂ ಒಂದಲ್ಲ. ಅನುಭವಿ ಸಂಶೋಧಕರು ಕೂಡ ಎಡವುವುದು ಹೆಚ್ಚಾಗಿ ಇಲ್ಲಿಯೇ ಎಂದು ನನ್ನ ಎಣಿಕೆ.

ಅದೇ ತಂಡ ಆ ಸಾಧ್ಯತೆಯನ್ನೇ ಮುಖ್ಯ ಪ್ರಶ್ನೆಯಾಗಿಟ್ಟು ಎರಡನೆಯ ಪ್ರಯೋಗಕ್ಕಿಳಿಯಿತು. ಈ ಬಾರಿ ಆ ಬಗೆಯ ರೋಗಿಗಳೇ 1,654 ಮಂದಿ. ಅಮ್ಲೋಡಿಪಿನ್ ಪಡೆದವರಲ್ಲಿ 278 ಮಂದಿ ತೀರಿಕೊಂಡರು, ಹುಸಿ ಮಾತ್ರೆಯವರಲ್ಲಿ 262. ಶೇ. 46ರ ಲಾಭ ಕರಗಿಹೋಗಿತ್ತು. ಮೊದಲ ವರದಿ ಬೇರೆ ಧಾಟಿಯಲ್ಲಿದ್ದರೆ, ಅಷ್ಟು ಹೊತ್ತಿಗೆ ಈ ಮಾತ್ರೆ ಎಷ್ಟೋ ದುರ್ಬಲ ಹೃದಯದವರ ಚೀಟಿಯಲ್ಲಿ ಪ್ರಾಣರಕ್ಷಕವಾಗಿ ಸೇರಿರುತ್ತಿತ್ತು.

ಆ ಕಾಲದಲ್ಲಿ ಯೋಜನೆ ಸಂಶೋಧಕರ ಕಡತದಲ್ಲಿ ಇರುತ್ತಿತ್ತು; ಹೊರಗಿನವರು ಅವರ ಮಾತನ್ನೇ ನಂಬಬೇಕಿತ್ತು. ಪೂರ್ವನೋಂದಣಿ ಎಂದರೆ ಆ ಯೋಜನೆಯನ್ನು ದತ್ತಾಂಶ ನೋಡುವ ಮೊದಲೇ, ತಾರೀಖು ಬೀಳುವ ಸಾರ್ವಜನಿಕ ದಾಖಲೆಯಲ್ಲಿ ಇಡುವುದು. ಅಮೆರಿಕದಲ್ಲಿ ಅಂಥ ನೋಂದಣಿ ಜಾಲತಾಣ ತೆರೆದದ್ದು 2000ದಲ್ಲಿ. ಭಾರತದಲ್ಲಿ 2007ರಲ್ಲಿ ಸಿಟಿಆರ್‌ಐ ಶುರುವಾಯಿತು, 2009ರಿಂದ ಔಷಧ ಪ್ರಯೋಗಗಳಿಗೆ ಅದು ಕಡ್ಡಾಯ.

ನೋಂದಣಿ ಸಂಖ್ಯೆಯನ್ನು ವರದಿಯ ತಲೆಯ ಮೇಲೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪ್ರಾಮಾಣಿಕ ಬರಹ ಮೂರು ತಾರೀಖುಗಳನ್ನು ಒಟ್ಟಿಗೆ ಕೊಡುತ್ತದೆ: ನೋಂದಣಿ ಯಾವಾಗ, ಮೊದಲ ರೋಗಿ ಸೇರಿದ್ದು ಯಾವಾಗ, ಯಾರಿಗೆ ಯಾವ ಮಾತ್ರೆ ಹೋಗಿದೆ ಎಂಬ ಗುಟ್ಟು ಬಿಚ್ಚಿದ್ದು ಯಾವಾಗ. ನಡುವೆ ಯೋಜನೆ ಬದಲಾಗಿದ್ದರೆ ಅದನ್ನೂ ನೇರವಾಗಿ ಹೇಳುತ್ತದೆ. ಬದಲಾವಣೆ ತಪ್ಪಲ್ಲ; ಸಾಕಷ್ಟು ರೋಗಿಗಳು ಸಿಗದೆ ಹೋಗಬಹುದು, ಅಳತೆಯ ವಿಧಾನ ಕೈಕೊಡಬಹುದು. ‘ಆರು ತಿಂಗಳ ಅಳತೆಯನ್ನು ಮೂರು ತಿಂಗಳಿಗೆ ಇಳಿಸಿದೆವು, ಕಾರಣ ಇದು, ಆಗ ಫಲಿತಾಂಶ ನಮಗಿನ್ನೂ ಕಂಡಿರಲಿಲ್ಲ’ ಎಂದರೆ ಓದುಗ ತಾನೇ ತೂಗಿ ನೋಡಬಲ್ಲ. ಫಲಿತಾಂಶ ಕಂಡ ಮೇಲೆ ಬದಲಾಯಿಸಿದ್ದರೆ ಆ ವಿಶ್ಲೇಷಣೆ ಅಲ್ಲಿಂದಾಚೆಗೆ ಹುಡುಕಾಟದ ಸಾಲಿಗೆ ಸೇರುತ್ತದೆ, ಕಾರಣ ಎಷ್ಟೇ ಒಳ್ಳೆಯದಿರಲಿ.

ಆಮೇಲೆ ಎರಡು ತಲೆಬರಹ. ಒಂದರಡಿ ನೋಂದಾಯಿಸಿದ ಪ್ರಶ್ನೆಗಳು ಅದೇ ಕ್ರಮದಲ್ಲಿ, ಸೋತವೂ ಸೇರಿ. ಇನ್ನೊಂದರಡಿ ದತ್ತಾಂಶ ನೋಡುತ್ತ ಹೊಳೆದವು, ಅಂಥವನ್ನು ಎಷ್ಟು ನೋಡಿದೆವು ಎಂಬ ಎಣಿಕೆಯೊಂದಿಗೆ. ಪ್ರೇಸ್‌ನ ಅಂಕಿಗಳನ್ನು ಈ ಬಗೆಯಲ್ಲಿ ಬರೆದರೆ ಹೀಗಿರಬಹುದು: ‘ಮುಖ್ಯ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿದೆ ಎಂದು ಹೇಳಲಾಗದು, 39ಕ್ಕೆ 42. ಒಂದು ಪಾಲಿನ ರೋಗಿಗಳಲ್ಲಿ ಸಾವು ಕಡಿಮೆ ಕಂಡಿತು. ಪ್ರಯೋಗವನ್ನು ಈ ಪ್ರಶ್ನೆಗಾಗಿ ರೂಪಿಸಿರಲಿಲ್ಲ, ಹೊಸ ರೋಗಿಗಳಲ್ಲಿ ಇದನ್ನು ಪರೀಕ್ಷಿಸಬೇಕು.’ ಇದೇ ಹದ ಸಾರಾಂಶದಲ್ಲೂ ಇರಬೇಕು, ಬಹುತೇಕರು ಓದುವುದು ಅದನ್ನೊಂದೇ. ಒಳಗಿನ ಪುಟದಲ್ಲಿ ‘ಹುಡುಕಾಟ’ ಎಂದು ಒಪ್ಪಿಕೊಂಡು ಸಾರಾಂಶದಲ್ಲಿ ‘ಸಾಬೀತಾಗಿದೆ’ ಎನ್ನುವ ವರದಿಗಳು ಈಗಲೂ ಬರುತ್ತಿವೆ, ಅದು ನನಗೆ ನಿಜವಾಗಿ ನೋವಿನ ಸಂಗತಿ. ಹುಡುಕಾಟ ಕೀಳಲ್ಲ, ಎರಡನೆಯ ಪ್ರಯೋಗ ಹುಟ್ಟಿದ್ದೇ ಅದರಿಂದ.

ಓದುಗರೂ ಪರೀಕ್ಷಿಸಬಹುದು. ಸಿಟಿಆರ್‌ಐ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ನೋಂದಣಿಯ ದಿನವೂ, ಅದು ಪ್ರಯೋಗಕ್ಕೆ ಮುಂಚೆ ಆದದ್ದೋ ಆಮೇಲೆ ಆದದ್ದೋ ಎಂಬುದೂ ಕಾಣುತ್ತದೆ. ಅಲ್ಲಿನ ಮುಖ್ಯ ಫಲಿತಾಂಶದ ಸಾಲನ್ನು ವರದಿಯ ಸಾಲಿನ ಪಕ್ಕದಲ್ಲಿಟ್ಟು ಓದಿ. ಅಳತೆ ಬೇರೆ, ಅವಧಿ ಬೇರೆ, ವಿವರಣೆ ಇಲ್ಲ ಎಂದಾದರೆ ಆ ಅಂಕಿಯನ್ನು ಸುಳಿವು ಎಂದಷ್ಟೇ ತೆಗೆದುಕೊಳ್ಳಿ. ನೋಂದಣಿಗೂ ಒಂದು ಮಿತಿಯಿದೆ: ಕೇಳಿದ ಪ್ರಶ್ನೆಯನ್ನು ಅದು ಕಾಯುತ್ತದೆ, ಉತ್ತರ ಅಚ್ಚಾಗುವುದನ್ನಲ್ಲ. ಅಮ್ಲೋಡಿಪಿನ್‌ನ ಎರಡನೆಯ ಪ್ರಯೋಗದ ಫಲಿತಾಂಶವನ್ನು 2000ದಲ್ಲೇ ವೈದ್ಯರ ಸಮ್ಮೇಳನವೊಂದರಲ್ಲಿ ಮಂಡಿಸಲಾಗಿತ್ತು. ಪೂರ್ಣ ವರದಿ ಪ್ರಕಟವಾದದ್ದು 2013ರಲ್ಲಿ.