ರಾತ್ರಿ ಬಸ್ಸಿಗೆ ಮಗುವಿನ ಬುತ್ತಿ

ಬೆಂಗಳೂರಿನಿಂದ ಮಂಗಳೂರಿಗೆ ಹೊರಡುವ ರಾತ್ರಿ ಬಸ್ಸಿಗೆ ಎರಡು ವರ್ಷದ ಮಗುವನ್ನು ಹತ್ತಿಸುವವರು ಮೊದಲು ಸಿದ್ಧ ಮಾಡುವುದು ಹಾಲಿನ ಫ್ಲಾಸ್ಕು. ನನ್ನನ್ನು ಕೇಳಿದರೆ ಬಿಟ್ಟುಹೋಗಬೇಕಾದ್ದೂ ಅದೇ. ಮಗು ಕುಡಿಯಲೆಂದು ಹಾಲನ್ನು ಉಗುರುಬೆಚ್ಚಗೆ ಮಾಡಿಯೇ ತುಂಬಿಸುತ್ತೇವೆ. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಹದವೂ ಅದೇ. ಹತ್ತಕ್ಕೆ ತುಂಬಿಸಿದ ಹಾಲು ಎರಡಕ್ಕೆ ಮಗು ಎದ್ದಾಗ ಒಡೆದಿರುವುದಿಲ್ಲ, ಹುಳಿ ವಾಸನೆಯೂ ಇರುವುದಿಲ್ಲ. ಆದರೂ ಹೊಟ್ಟೆ ಕೆಡಿಸಬಲ್ಲದು.

ಎದೆಹಾಲು ಕುಡಿಯುವ ಮಗುವಾದರೆ ಈ ಚಿಂತೆಯೇ ಇಲ್ಲ. ಉಳಿದವರಿಗೆ ಟೆಟ್ರಾ ಪ್ಯಾಕಿನ ಸಣ್ಣ ಹಾಲು ಒಳ್ಳೆಯದು. ಒಡೆಯುವವರೆಗೆ ಫ್ರಿಜ್ ಬೇಡ, ಒಡೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಬೇಕು. ಬೆಚ್ಚಗಿಲ್ಲದ ಹಾಲು ಮುಟ್ಟದ ಮಗುವಾದರೆ ಫ್ಲಾಸ್ಕಿಗೆ ಕುದಿಯುವ ನೀರು ಹಾಕಿ, ಹಾಲಿನ ಪುಡಿಯನ್ನು ಒಣ ಡಬ್ಬಿಯಲ್ಲಿ ಬೇರೆ ಇಟ್ಟುಕೊಳ್ಳಿ. ಬೆರೆಸುವುದು ಮಾತ್ರ ಬಸ್ಸು ಹೋಟೆಲಿನ ಮುಂದೆ ನಿಂತಾಗ. ಓಡುವ ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿನೀರಿನ ಮುಚ್ಚಳ ತೆಗೆಯಬೇಡಿ.

ಊಟ ಮನೆಯಲ್ಲೇ ಮುಗಿಯಲಿ, ಹೊರಡುವುದಕ್ಕೆ ಒಂದೆರಡು ಗಂಟೆ ಮೊದಲು: ಮೆತ್ತಗಿನ ಅನ್ನ, ತಿಳಿಸಾರು, ತುಪ್ಪ. ಬ್ಯಾಗಿಗೆ ತುಪ್ಪ ಸವರಿದ ಎರಡು ಇಡ್ಲಿ, ಒಂದೆರಡು ಏಲಕ್ಕಿ ಬಾಳೆಹಣ್ಣು ಸಾಕು. ಕಾಯಿ ಚಟ್ನಿ ಬೇಡ, ಬೆಳಗಾಗುವುದರೊಳಗೆ ಹಳಸುತ್ತದೆ. ಕಡಲೆಬೀಜ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್, ಗಟ್ಟಿ ಚಕ್ಕುಲಿ ಯಾವುದೂ ಬೇಡ. ಸ್ಲೀಪರಿನ ಕತ್ತಲಲ್ಲಿ, ಮಲಗಿಕೊಂಡೇ ತಿನ್ನುವ ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಕೆಮ್ಮೂ ಕೇಳಿಸದಿರಬಹುದು. ಇಡ್ಲಿಯನ್ನಾದರೂ ದೀಪ ಹಾಕಿ, ಎಬ್ಬಿಸಿ ಕೂರಿಸಿಯೇ ತಿನ್ನಿಸಿ. ಚಾಕೊಲೇಟು? ಮಗು ಮಲಗುವುದಿಲ್ಲ, ಪಕ್ಕದ ಸೀಟಿನವರೂ ಮಲಗುವುದಿಲ್ಲ.

ಸಕಲೇಶಪುರ ದಾಟಿದರೆ ಶಿರಾಡಿ ಘಾಟಿಯ ತಿರುವುಗಳು. ಅಲ್ಲಿಂದ ಗುಂಡ್ಯದವರೆಗೆ ಹಾಲು, ಜ್ಯೂಸು ಬೇಡ, ಕೇಳಿದರೆ ಒಂದು ಗುಟುಕು ನೀರು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಕಡಿಮೆ, ಆಮೇಲೆ ಹೆಚ್ಚುತ್ತದೆ. ಹೊಟ್ಟೆ ತೊಳಸುತ್ತಿದೆ ಎಂದು ಮಗು ಹೇಳಲಾರದು. ಪದೇ ಪದೇ ಆಕಳಿಸಿದರೆ, ಮುಖ ಬಿಳಿಚಿಕೊಂಡರೆ, ಜೊಲ್ಲು ಹೆಚ್ಚಿದರೆ ಕವರ್ ಕೈಗೆ ತೆಗೆದುಕೊಳ್ಳಿ. ವಾಂತಿಯಾದ ಕೂಡಲೇ ಬಾಟಲಿ ಬಾಯಿಗಿಟ್ಟರೆ ಅದೂ ಹೊರಬರುತ್ತದೆ. ಹತ್ತು ನಿಮಿಷ ಬಿಟ್ಟು, ಓಆರ್‌ಎಸ್ ನೀರನ್ನು ಎರಡು ಮೂರು ನಿಮಿಷಕ್ಕೊಂದು ಚಮಚೆಯಂತೆ ಕೊಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಬೇಕು. ಅಂದಾಜಿನಲ್ಲಿ ಬೆರೆಸಿದರೆ ಉಪ್ಪು ಹೆಚ್ಚಾಗುತ್ತದೆ.

ರಾತ್ರಿ ವಿಮಾನಕ್ಕೂ ಇದೇ ಬುತ್ತಿ ನಡೆಯುತ್ತದೆ. ಭದ್ರತಾ ತಪಾಸಣೆಯಲ್ಲಿ ಮಗುವಿನ ಹಾಲು, ಆಹಾರವನ್ನು ಪ್ರಯಾಣಕ್ಕೆ ಬೇಕಾದಷ್ಟು ಬಿಡುತ್ತಾರೆ. ಬ್ಯಾಗಿನಿಂದ ತೆಗೆದು ತೋರಿಸಬೇಕಾಗಬಹುದು. ಕುಡಿಯುವುದನ್ನೆಲ್ಲ ಮೊದಲೇ ಮುಗಿಸದೆ ವಿಮಾನ ಇಳಿಯುವಾಗಿಗೆ ಸ್ವಲ್ಪ ಉಳಿಸಿಕೊಳ್ಳಿ. ಕಿವಿನೋವಿಗೆ ಮಕ್ಕಳು ಹೆಚ್ಚು ಅಳುವುದು ಆಗಲೇ. ನುಂಗುವಾಗ ಕಿವಿಯೊಳಗಿನ ಒತ್ತಡ ಸಡಿಲುತ್ತದೆ. ಇಳಿಯಲು ಅರ್ಧ ಗಂಟೆಯಿದೆ ಎನ್ನುವಾಗ ಮಗುವನ್ನು ನೆಟ್ಟಗೆ ಕೂರಿಸಿ, ಸಿಪ್ಪರಿನಲ್ಲಿ ನೀರನ್ನು ಗುಟುಕು ಗುಟುಕಾಗಿ ಕುಡಿಸಿ.